ಚಿತ್ರ ಕುಗ್ಗುತ್ತದೆ, ಓಟ ನಿಲ್ಲುವುದಿಲ್ಲ

2015ರ ಅಕ್ಟೋಬರ್ ಕೊನೆಯಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್ ಯಂತ್ರಕ್ಕೆ ‘ಹೇಲೋ 5: ಗಾರ್ಡಿಯನ್ಸ್’ ಎಂಬ ಆಟ ಬಂತು. ಈ ಸರಣಿಯ ಹಿಂದಿನ ಮುಖ್ಯ ಆಟಗಳೆಲ್ಲ ಮೊದಲು ಬಿಡುಗಡೆಯಾದಾಗ ಸೆಕೆಂಡಿಗೆ 30 ಚಿತ್ರಗಳ ವೇಗದಲ್ಲಿ ಓಡುತ್ತಿದ್ದವು. ಈ ಸಲ ಅದನ್ನು 60ಕ್ಕೆ ಏರಿಸಬೇಕೆಂದು 343 ಇಂಡಸ್ಟ್ರೀಸ್ ಸಂಸ್ಥೆ ಹಟ ತೊಟ್ಟಿತ್ತು. ಯಂತ್ರವೇನೂ ಅಷ್ಟು ಬಲಿಷ್ಠವಲ್ಲ. ದೊಡ್ಡ ಬಯಲಿನಲ್ಲಿ ಹತ್ತಾರು ಶತ್ರುಗಳು ಒಟ್ಟಿಗೆ ನುಗ್ಗಿ, ಸುತ್ತ ಸ್ಫೋಟಗಳಾಗುವಾಗ 60ರ ವೇಗ ಉಳಿಸಿಕೊಳ್ಳುವುದು ಅದರಿಂದ ಆಗದ ಮಾತು. ಆದರೂ ಆಟ ಬಹುತೇಕ ಎಲ್ಲ ಕಡೆ 60ರಲ್ಲೇ ಓಡಿತು.

ಅದು ಸಾಧ್ಯವಾದದ್ದು ಹೇಗೆಂದು ಆಟದ ದೃಶ್ಯಗಳನ್ನು ಒಂದೊಂದೇ ಫ್ರೇಮ್ ಆಗಿ ಬಿಡಿಸಿ ನೋಡಿದವರಿಗೆ ತಿಳಿಯಿತು. ಯಾರೂ ಇಲ್ಲದ ಓಣಿಯಲ್ಲಿ ನಡೆಯುವಾಗ ಚಿತ್ರದ ಅಗಲ 1920 ಪಿಕ್ಸೆಲ್, ಎತ್ತರ 1080 ಪಿಕ್ಸೆಲ್. ಕಾದಾಟ ಜೋರಾದಂತೆ ಆ ಅಳತೆ ತಾನಾಗಿಯೇ ಇಳಿಯುತ್ತಿತ್ತು. ತೀರಾ ಭಾರವಾದ ಘಳಿಗೆಯಲ್ಲಿ ಅದು ಸುಮಾರು 1152 ಅಗಲ, 810 ಎತ್ತರಕ್ಕೆ ಬಂದು ನಿಲ್ಲುತ್ತಿತ್ತು. ಲೆಕ್ಕ ಹಾಕಿದರೆ 20.7 ಲಕ್ಷ ಪಿಕ್ಸೆಲ್‌ಗಳ ಜಾಗದಲ್ಲಿ 9.3 ಲಕ್ಷ; ಅಂದರೆ ಅರ್ಧಕ್ಕಿಂತಲೂ ಕಡಿಮೆ. ಗದ್ದಲ ಮುಗಿದ ಮೇಲೆ ಅಳತೆ ಮತ್ತೆ ಮೇಲಕ್ಕೆ ಏರುತ್ತಿತ್ತು. ಕೈಯಲ್ಲಿ ಕಂಟ್ರೋಲರ್ ಹಿಡಿದು ಆಡುತ್ತಿದ್ದವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಾಗಲೇ ಇಲ್ಲ.

ಈ ವಿದ್ಯೆಯ ಹೆಸರು ಡೈನಮಿಕ್ ರೆಸಲ್ಯೂಶನ್ ಸ್ಕೇಲಿಂಗ್. ಇಂದು ಕನ್ಸೋಲ್‌ಗಳ ದೊಡ್ಡ ಆಟಗಳಲ್ಲಿ ಇದು ಸಾಮಾನ್ಯ. ಕಂಪ್ಯೂಟರ್ ಆಟಗಳ ಸೆಟ್ಟಿಂಗ್ಸ್ ಪುಟದಲ್ಲಿ, ಮೊಬೈಲ್ ಆಟಗಳಲ್ಲಿ ಕೂಡ ಸಿಗುತ್ತದೆ. ‘ಭಾರವಾದಾಗ ಚಿತ್ರ ಚಿಕ್ಕದು ಮಾಡು’ ಎಂದು ಒಂದೇ ಸಾಲಿನಲ್ಲಿ ಇದನ್ನು ಹೇಳಿ ಮುಗಿಸಬಹುದು. ಕಷ್ಟ ಇರುವುದು ಯಾವಾಗ, ಎಷ್ಟು, ಯಾವ ಅಳತೆಯನ್ನು ನಂಬಿ ಎಂಬ ಪ್ರಶ್ನೆಗಳಲ್ಲಿ.

ಹದಿನಾರೂವರೆ ಮಿಲಿಸೆಕೆಂಡಿನ ಗಡುವು

ಸಾಮಾನ್ಯ ಟಿವಿ ಸೆಕೆಂಡಿಗೆ 60 ಸಲ ತನ್ನ ಪರದೆಯನ್ನು ಹೊಸದಾಗಿ ತುಂಬಿಕೊಳ್ಳುತ್ತದೆ. ಒಂದೊಂದು ಸಲಕ್ಕೆ 16.67 ಮಿಲಿಸೆಕೆಂಡ್. ಅಷ್ಟರೊಳಗೆ ಆಟ ತನ್ನ ಮುಂದಿನ ಚಿತ್ರವನ್ನು ಬರೆದು ಮುಗಿಸಿರಬೇಕು. ಇದನ್ನು ಸರಿಯಾದ ಹೊತ್ತಿಗೆ ಹೊರಡುವ ಬಸ್ಸು ಎಂದುಕೊಳ್ಳಿ. ನೀವು ಒಂದು ನಿಮಿಷ ತಡವಾಗಿ ಬಂದರೂ ಬಸ್ಸು ತಪ್ಪುತ್ತದೆ. ಆಮೇಲೆ ಕಾಯಬೇಕಾದದ್ದು ಒಂದು ನಿಮಿಷವಲ್ಲ, ಮುಂದಿನ ಬಸ್ಸು ಬರುವವರೆಗೆ. ಚಿತ್ರ 17 ಮಿಲಿಸೆಕೆಂಡಿಗೆ ಸಿದ್ಧವಾದರೆ ಅದು ಪರದೆಗೆ ಬರುವುದು 33.3ಕ್ಕೆ. ಅಷ್ಟೂ ಹೊತ್ತು ಹಳೆಯ ಚಿತ್ರವೇ ಎರಡನೆಯ ಸಲ ಕಾಣಿಸುತ್ತದೆ.

ಇದರಿಂದಾಗಿಯೇ ಅತಿ ಸಣ್ಣ ತಡವೂ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಕ್ಯಾಮೆರಾ ಒಂದೇ ಸಮನೆ ತಿರುಗುತ್ತಿರುವಾಗ ಒಂದು ಚಿತ್ರ ಎರಡು ಸಲ ನಿಂತರೆ ದೃಶ್ಯ ಒಮ್ಮೆ ತಡವರಿಸಿದಂತೆ ಅನಿಸುತ್ತದೆ. ಗುಂಡಿ ಒತ್ತಿದ್ದಕ್ಕೂ ಪಾತ್ರ ಹಾರಿದ್ದಕ್ಕೂ ನಡುವಿನ ಅಂತರ ಒಮ್ಮೆ ಹೆಚ್ಚಿ, ಮರುಕ್ಷಣ ಕಡಿಮೆಯಾದರೆ ಆಡುವವನ ಕೈ ಲೆಕ್ಕ ತಪ್ಪುತ್ತದೆ. ಇದಕ್ಕೆ ಹೋಲಿಸಿದರೆ ಚಿತ್ರ ಅರೆಕ್ಷಣ ಸ್ವಲ್ಪ ಮಸುಕಾಗುವುದು ಏನೂ ಅಲ್ಲ. ಅದರಲ್ಲೂ ಭಾರವಾದ ದೃಶ್ಯಗಳಲ್ಲಿ ಎಲ್ಲವೂ ಓಡುತ್ತಿರುತ್ತದೆ, ಹೊಗೆ ತುಂಬಿರುತ್ತದೆ, ಕ್ಯಾಮೆರಾ ಅಲುಗುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಗೋಡೆಯ ಮೇಲಿನ ಇಟ್ಟಿಗೆಯ ಗೆರೆ ಎಷ್ಟು ಚೂಪಾಗಿದೆ ಎಂದು ಯಾರೂ ನೋಡುತ್ತಿರುವುದಿಲ್ಲ. ಕಣ್ಣು ಗಮನಿಸದ್ದನ್ನು ಬಿಟ್ಟುಕೊಟ್ಟು ಕೈ ಗಮನಿಸುವುದನ್ನು ಉಳಿಸಿಕೊಳ್ಳುವುದೇ ಇಲ್ಲಿನ ವ್ಯಾಪಾರ.

ಹೊಗೆ ಯಾಕೆ ದುಬಾರಿ

ಬೇರೆಲ್ಲ ಬಿಟ್ಟು ಪಿಕ್ಸೆಲ್‌ಗಳನ್ನೇ ಕಡಿಮೆ ಮಾಡುವುದೇಕೆ? ಅದಕ್ಕೆ ಉತ್ತರ ಒಂದು ಸ್ಫೋಟದಲ್ಲಿದೆ.

ಆಟದಲ್ಲಿ ಕಾಣುವ ಹೊಗೆಯ ಮೋಡ ನಿಜವಾಗಿ ಒಂದು ವಸ್ತುವಲ್ಲ. ಅರೆಪಾರದರ್ಶಕವಾದ ಹತ್ತಾರು ಹಾಳೆಗಳನ್ನು ಒಂದರ ಮುಂದೊಂದು ತೇಲಿಬಿಟ್ಟಿರುತ್ತಾರೆ. ಗೋಡೆಯಂಥ ಗಟ್ಟಿ ವಸ್ತುವಾದರೆ ಅದರ ಹಿಂದಿರುವುದು ಕಾಣುವುದಿಲ್ಲ, ಹಾಗಾಗಿ ಹಿಂದಿನದರ ಬಣ್ಣ ಲೆಕ್ಕ ಹಾಕುವ ಕೆಲಸ ಜಿಪಿಯುಗೆ ಉಳಿಯುತ್ತದೆ. ಹೊಗೆಯಲ್ಲಿ ಆ ಉಳಿತಾಯವಿಲ್ಲ. ಒಂದು ಪಿಕ್ಸೆಲ್ ಮೇಲೆ 20 ಹಾಳೆಗಳಿದ್ದರೆ ಆ ಒಂದೇ ಪಿಕ್ಸೆಲ್‌ಗೆ 20 ಸಲ ಬಣ್ಣ ಬೆರೆಸಬೇಕು.

ಸ್ಫೋಟ ದೂರದಲ್ಲಾದರೆ ಅದು ಪರದೆಯ ಒಂದು ಮೂಲೆಯಲ್ಲಿ ಬೆರಳಷ್ಟು ಜಾಗ ಹಿಡಿಯುತ್ತದೆ, ತೊಂದರೆಯಿಲ್ಲ. ಅದೇ ಸ್ಫೋಟ ಆಟಗಾರನ ಕಾಲಬುಡದಲ್ಲೇ ಆದರೆ ಹೊಗೆ ಇಡೀ ಪರದೆಯನ್ನು ಮುಚ್ಚುತ್ತದೆ. 20 ಲಕ್ಷ ಪಿಕ್ಸೆಲ್, 20 ಪದರ ಎಂದರೆ ನಾಲ್ಕು ಕೋಟಿ ಸಲ ಬಣ್ಣ ಬೆರೆಸುವ ಕೆಲಸ, ಅದೂ ಉಳಿದೆಲ್ಲ ಕೆಲಸದ ಮೇಲೆ. ಆಟ ಮಾಡಿದವರಿಗೆ ಸ್ಫೋಟ ಎಲ್ಲಿ ಆಗುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ಅದು ಆಡುವವನ ಕೈಯಲ್ಲಿದೆ. ಅದಕ್ಕೇ ಹೆದರಿ ಇಡೀ ಆಟವನ್ನು ಯಾವಾಗಲೂ ಕಡಿಮೆ ರೆಸಲ್ಯೂಶನ್‌ನಲ್ಲಿ ಇಟ್ಟರೆ, ಅಪರೂಪದ ಕೆಲವು ಕ್ಷಣಗಳಿಗಾಗಿ ಉಳಿದ ಗಂಟೆಗಳೆಲ್ಲ ಮಸುಕಾದಂತೆ.

ಹೊಗೆ, ಬೆಳಕಿನ ಲೆಕ್ಕ, ಪ್ರತಿಬಿಂಬ, ಮಸುಕು ಮಾಡುವ ಪರಿಣಾಮಗಳು, ಇವೆಲ್ಲವುಗಳ ಬೆಲೆ ಪಿಕ್ಸೆಲ್‌ಗಳ ಸಂಖ್ಯೆಯ ಜೊತೆಗೇ ಏರುತ್ತದೆ, ಜೊತೆಗೇ ಇಳಿಯುತ್ತದೆ. ಅಗಲ ಮತ್ತು ಎತ್ತರ ಎರಡನ್ನೂ ಶೇ. 10ರಷ್ಟು ಕಡಿಮೆ ಮಾಡಿದರೆ ಪಿಕ್ಸೆಲ್‌ಗಳು ಶೇ. 19ರಷ್ಟು ಕಡಿಮೆಯಾಗುತ್ತವೆ. ಕಣ್ಣಿಗೆ ಬೀಳುವ ವ್ಯತ್ಯಾಸ ಚಿಕ್ಕದು, ಕೈಗೆ ಸಿಗುವ ಸಮಯ ದೊಡ್ಡದು. ಹೀಗೆ ಒಂದೇ ಹಿಡಿಕೆ ತಿರುಗಿಸಿ ಇಷ್ಟೆಲ್ಲ ಕೆಲಸಗಳ ಹೊರೆಯನ್ನು ಒಟ್ಟಿಗೆ ಇಳಿಸುವ ಇನ್ನೊಂದು ದಾರಿ ಆಟದೊಳಗೆ ಇಲ್ಲ.

ಒಂದು ಲೆಕ್ಕ ಬಿಡಿಸಿ ನೋಡೋಣ

1080ಪಿ ಟಿವಿಯಲ್ಲಿ 60ರ ವೇಗದ ಗುರಿಯಿಟ್ಟುಕೊಂಡ ಒಂದು ಆಟ ಇದೆಯೆನ್ನಿ. ಗಡುವು 16.67 ಮಿಲಿಸೆಕೆಂಡ್ ಆದರೂ ಯಾರೂ ಅಂಚಿನವರೆಗೆ ತುಂಬಿಸುವುದಿಲ್ಲ. ಶೇ. 10ರಷ್ಟು ಜಾಗ ಬಿಟ್ಟು 15 ಮಿಲಿಸೆಕೆಂಡ್ ಮಿತಿ ಹಾಕಿಕೊಳ್ಳುತ್ತಾರೆ. ಆ ಒಂದೂವರೆ ಮಿಲಿಸೆಕೆಂಡಿನ ಉಪಯೋಗ ಮುಂದೆ ತಿಳಿಯುತ್ತದೆ.

ಸ್ಫೋಟವಾಯಿತು. ಜಿಪಿಯು ಆ ಚಿತ್ರ ಬರೆಯಲು 20 ಮಿಲಿಸೆಕೆಂಡ್ ತೆಗೆದುಕೊಂಡಿತು. ಈಗ ರೆಸಲ್ಯೂಶನ್ ಎಷ್ಟು ಇಳಿಸಬೇಕು? ಸರಳ ಸೂತ್ರ ಇದು: ಮಿತಿಯನ್ನು ತೆಗೆದುಕೊಂಡ ಸಮಯದಿಂದ ಭಾಗಿಸು. 15ನ್ನು 20ರಿಂದ ಭಾಗಿಸಿದರೆ 0.75. ಪಿಕ್ಸೆಲ್‌ಗಳು ಶೇ. 75ಕ್ಕೆ ಇಳಿಯಬೇಕು. ಅಗಲಕ್ಕೂ ಎತ್ತರಕ್ಕೂ ಸಮನಾಗಿ ಹಂಚಲು ಇದರ ವರ್ಗಮೂಲ ತೆಗೆದರೆ ಸುಮಾರು 0.866. ಹೊಸ ಅಳತೆ 1663 ಅಗಲ, 935 ಎತ್ತರ.

ಆದರೆ ಈ ಸೂತ್ರದಲ್ಲಿ ಒಂದು ಕೊರತೆ ಇದೆ. ಎಲ್ಲ ಕೆಲಸವೂ ಪಿಕ್ಸೆಲ್‌ಗೆ ಕಟ್ಟುಬಿದ್ದಿಲ್ಲ. ಉದಾಹರಣೆಗೆ, ಸೂರ್ಯನ ನೆರಳು ಎಲ್ಲಿ ಬೀಳುತ್ತದೆಂದು ತಿಳಿಯಲು ಜಿಪಿಯು ಸೂರ್ಯನ ಕಡೆಯಿಂದ ನೋಡಿದಂತೆ ಇನ್ನೊಂದು ಚಿತ್ರ ಬರೆದುಕೊಳ್ಳುತ್ತದೆ. ಆ ಚಿತ್ರದ ಅಳತೆ ಬೇರೆಯೇ ಇರುತ್ತದೆ. ಪರದೆಯ ರೆಸಲ್ಯೂಶನ್ ಇಳಿಸಿದ ಮಾತ್ರಕ್ಕೆ ಅದು ಇಳಿಯುವುದಿಲ್ಲ. ವಸ್ತುಗಳ ಆಕಾರವನ್ನು ಕಟ್ಟುವ ತ್ರಿಕೋನಗಳ ಲೆಕ್ಕವೂ ಹೆಚ್ಚುಕಡಿಮೆ ಹಾಗೆಯೇ. ನಮ್ಮ 20 ಮಿಲಿಸೆಕೆಂಡಿನಲ್ಲಿ ಇಂಥ ಕದಲದ ಕೆಲಸ 4 ಮಿಲಿಸೆಕೆಂಡ್, ಉಳಿದ 16 ಪಿಕ್ಸೆಲ್‌ಗಳದ್ದು ಎಂದುಕೊಳ್ಳೋಣ. ಹಾಗಿದ್ದರೆ ಹೊಸ ಅಳತೆಯಲ್ಲಿ ಆಗುವ ಸಮಯ 4 ಕೂಡಿಸು 12, ಅಂದರೆ 16 ಮಿಲಿಸೆಕೆಂಡ್. ಮಿತಿ 15, ಒಂದು ಹೆಚ್ಚೇ ಆಯಿತು. ಆದರೆ ಗಡುವಾದ 16.67ರ ಒಳಗಿದೆ. ಬಿಟ್ಟಿದ್ದ ಜಾಗ ಇಲ್ಲಿ ಕೈಹಿಡಿಯಿತು.

ಮುಂದಿನ ಸಲ ಅದೇ ಸೂತ್ರ ಮತ್ತೆ ಹಾಕಿದರೆ ಪಿಕ್ಸೆಲ್‌ಗಳು ಶೇ. 70ರ ಹತ್ತಿರ ಬಂದು ಸಮಯ 15.25 ಆಗುತ್ತದೆ. ಮೂರನೆಯ ಸಲ ಶೇ. 69, ಸಮಯ 15.07. ಕದಲದ ಕೆಲಸ ಎಷ್ಟೆಂದು ಸೂತ್ರಕ್ಕೆ ಗೊತ್ತೇ ಇಲ್ಲ, ಆದರೂ ಅಳೆದು ತಿದ್ದಿ, ಮತ್ತೆ ಅಳೆದು ತಿದ್ದಿ ಸರಿಯಾದ ಜಾಗಕ್ಕೆ ಬಂದು ಸೇರುತ್ತದೆ. ಕೊನೆಗೆ ನಿಲ್ಲುವ ಅಳತೆ 1592 ಅಗಲ, 896 ಎತ್ತರದ ಆಸುಪಾಸು. 1080ರಿಂದ ಸುಮಾರು 900ಕ್ಕೆ ಇಳಿದ ಚಿತ್ರ, ಹೊಗೆಯ ನಡುವೆ, ಒಂದೆರಡು ಸೆಕೆಂಡ್ ಹೊತ್ತು.

ಸುದ್ದಿ ತಡವಾಗಿ ಬರುತ್ತದೆ

ಕಾಗದದ ಮೇಲೆ ಇಷ್ಟು ಸಲೀಸಾದದ್ದು ಯಂತ್ರದಲ್ಲಿ ಹಾಗಿರುವುದಿಲ್ಲ. ಸಿಪಿಯು ಮುಂದೆ ಹೋಗಿ ಕೆಲಸ ಒಪ್ಪಿಸುತ್ತದೆ, ಜಿಪಿಯು ಹಿಂದಿನಿಂದ ಅದನ್ನು ಬರೆಯುತ್ತಾ ಬರುತ್ತದೆ. ‘ಈ ಚಿತ್ರಕ್ಕೆ ಇಷ್ಟು ಹೊತ್ತು ಹಿಡಿಯಿತು’ ಎಂಬ ಲೆಕ್ಕ ಸಿಪಿಯು ಕೈಗೆ ಸೇರುವಷ್ಟರಲ್ಲಿ ಇನ್ನೂ ಎರಡು ಮೂರು ಚಿತ್ರಗಳ ಕೆಲಸ ಒಪ್ಪಿಸಿ ಆಗಿರುತ್ತದೆ. ಹಾಗಾಗಿ ಸ್ಫೋಟದ ಮೊದಲ ಒಂದೆರಡು ಚಿತ್ರಗಳನ್ನು ಈ ವಿಧಾನ ಕಾಪಾಡಲಾರದು. ಅವು ಪೂರ್ತಿ ಅಳತೆಯಲ್ಲೇ ಹೋಗುತ್ತವೆ, ಗಡುವನ್ನೂ ತಪ್ಪಿಸುತ್ತವೆ. ಬಿಟ್ಟ ಜಾಗದೊಳಗೆ ನುಂಗಿಕೊಳ್ಳುವಷ್ಟು ಏರಿಕೆಯಾದರೆ ಸರಿ. ಇಲ್ಲವಾದರೆ ಒಂದು ಸಣ್ಣ ಎಡವು ಕಂಡೇ ಕಾಣುತ್ತದೆ. ಡೈನಮಿಕ್ ರೆಸಲ್ಯೂಶನ್ ಇದ್ದೂ ಆಟ ಒಮ್ಮೆ ತಡವರಿಸಿ ಕೂಡಲೇ ಸರಿಹೋದರೆ ಕಾರಣ ಬಹುಮಟ್ಟಿಗೆ ಇದೇ.

ತಡವಾಗಿ ಬಂದ ಸುದ್ದಿಯನ್ನು ಹಿಡಿದು ಅವಸರದಲ್ಲಿ ನಿರ್ಧಾರ ಮಾಡಿದರೆ ಇನ್ನೊಂದು ಪೀಡೆ. ರೆಸಲ್ಯೂಶನ್ ಇಳಿಯಿತು, ಸಮಯ ಉಳಿಯಿತು, ಉಳಿಯಿತಲ್ಲ ಎಂದು ಏರಿಸಿದರೆ ಮತ್ತೆ ಗಡುವು ತಪ್ಪಿತು, ಮತ್ತೆ ಇಳಿಸು. ಚಿತ್ರ ಸೆಕೆಂಡಿಗೆ ಹಲವು ಸಲ ಚೂಪಾಗುತ್ತ ಮಸುಕಾಗುತ್ತ ಉಸಿರಾಡಿದಂತೆ ಕಾಣುತ್ತದೆ. ಒಂದೇ ಅಳತೆಯ ಮಸುಕು ಚಿತ್ರಕ್ಕೆ ಕಣ್ಣು ಒಗ್ಗಿಕೊಳ್ಳುತ್ತದೆ, ಹೀಗೆ ಹೊಯ್ದಾಡುವುದಕ್ಕೆ ಒಗ್ಗುವುದಿಲ್ಲ. ಹಾಗಾಗಿ ಇಳಿಯುವಾಗ ಬೇಗ ಇಳಿ, ಏರುವಾಗ ನಿಧಾನವಾಗಿ ಏರು ಎಂಬುದು ಈ ಕೆಲಸ ಮಾಡುವವರೆಲ್ಲರ ನಿಯಮ.

ಆಟ ಕಟ್ಟುವವರು ಹೆಚ್ಚಾಗಿ ಬಳಸುವ ಅನ್‌ರಿಯಲ್ ಎಂಜಿನ್‌ನಲ್ಲಿ ಈ ನಿಯಮಗಳು ಕಣ್ಣಿಗೆ ಕಾಣುವ ಸೆಟ್ಟಿಂಗ್‌ಗಳಾಗಿಯೇ ಇವೆ. 60ರ ಗುರಿಯ ಒಂದು ಆಟಕ್ಕೆ ಹೀಗೆ ಬರೆಯಬಹುದು:

```
r.DynamicRes.FrameTimeBudget=16.67
r.DynamicRes.MinScreenPercentage=60
r.DynamicRes.MaxScreenPercentage=100
r.DynamicRes.MinResolutionChangePeriod=8
r.DynamicRes.MaxConsecutiveOverBudgetGPUFrameCount=2
```

ಮೊದಲ ಸಾಲು ಗಡುವು. ಎರಡನೆಯದು ಮತ್ತು ಮೂರನೆಯದು ಅಗಲ ಎತ್ತರಗಳು ಶೇಕಡಾ ಎಷ್ಟರಿಂದ ಎಷ್ಟರ ನಡುವೆ ಓಡಾಡಬಹುದು ಎನ್ನುವ ಬೇಲಿ. ನಾಲ್ಕನೆಯದು ಹೊಯ್ದಾಟಕ್ಕೆ ಕಡಿವಾಣ: ಒಮ್ಮೆ ಅಳತೆ ಬದಲಿಸಿದ ಮೇಲೆ ಕನಿಷ್ಠ 8 ಚಿತ್ರಗಳವರೆಗೆ ಸುಮ್ಮನಿರು. ಕೊನೆಯದು ತುರ್ತಿನ ಬಾಗಿಲು: ಬಿಡದೆ ಗಡುವು ತಪ್ಪುತ್ತಲೇ ಇದ್ದರೆ ಅದನ್ನು ಎಷ್ಟು ಚಿತ್ರಗಳವರೆಗೆ ಸಹಿಸಬೇಕು ಎಂಬ ಮಿತಿ. ಅದು ಮೀರಿದರೆ ಕಾಯುವ ನಿಯಮವನ್ನು ಬದಿಗಿಟ್ಟು ಕೂಡಲೇ ಇಳಿಸುತ್ತದೆ.

ಕುಗ್ಗಿದ್ದನ್ನು ಹಿಗ್ಗಿಸುವುದು

ಟಿವಿಗೆ ಬೇಕಾದದ್ದು ಯಾವಾಗಲೂ 1920 ಅಗಲದ ಚಿತ್ರವೇ. ಹಾಗಾಗಿ ಚಿಕ್ಕದಾಗಿ ಬರೆದ ಚಿತ್ರವನ್ನು ಕೊನೆಗೆ ಹಿಗ್ಗಿಸಬೇಕು. ಜೀವದ ಪಟ್ಟಿ, ಗುಂಡುಗಳ ಸಂಖ್ಯೆ, ನಕ್ಷೆ, ಮಾತಿನ ಸಾಲು ಇವನ್ನು ಹಿಗ್ಗಿಸಿದ ಮೇಲೆ ಪೂರ್ತಿ ರೆಸಲ್ಯೂಶನ್‌ನಲ್ಲಿ ಮೇಲೆ ಬರೆಯುತ್ತಾರೆ. ಅಕ್ಷರಗಳ ಅಂಚು ಮಸುಕಾದರೆ ಯಾರಿಗಾದರೂ ತಕ್ಷಣ ಗೊತ್ತಾಗುತ್ತದೆ; ಅವು ಚೂಪಾಗಿದ್ದರೆ ಇಡೀ ಪರದೆಯೇ ಚೂಪಾಗಿದೆ ಎಂದು ಕಣ್ಣು ನಂಬಿಬಿಡುತ್ತದೆ.

ಅಳತೆ ಬದಲಾದಾಗಲೆಲ್ಲ ಹೊಸ ಅಳತೆಯ ಮೆಮೊರಿ ಕೇಳಿ ಪಡೆಯುವುದೂ ಆಗದ ಕೆಲಸ, ಅದಕ್ಕೇ ಸಮಯ ಹಿಡಿದು ಆಟ ಎಡವುತ್ತದೆ. ಹಾಗಾಗಿ ಹಲವು ಆಟಗಳು ಮೊದಲೇ ಪೂರ್ತಿ ಅಳತೆಯ ಜಾಗ ಕಾಯ್ದಿರಿಸಿ, ಬೇಕಾದಾಗ ಅದರ ಒಂದು ಮೂಲೆಯಲ್ಲಷ್ಟೇ ಚಿತ್ರ ಬರೆಯುತ್ತವೆ. ರೆಸಲ್ಯೂಶನ್ ಇಳಿಸಿದರೆ ಸಮಯ ಉಳಿಯುತ್ತದೆಯೇ ಹೊರತು ಹೀಗೆ ಕಾಯ್ದಿರಿಸಿದ ಮೆಮೊರಿ ಉಳಿಯುವುದಿಲ್ಲ.

ಹಿಗ್ಗಿಸುವ ವಿಧಾನ ಈಚಿನ ವರ್ಷಗಳಲ್ಲಿ ಬಹಳ ಬದಲಾಗಿದೆ. ಮೊದಲು ಅಕ್ಕಪಕ್ಕದ ಪಿಕ್ಸೆಲ್‌ಗಳ ಬಣ್ಣವನ್ನು ಬೆರೆಸಿ ನಡುವಿನ ಜಾಗ ತುಂಬುತ್ತಿದ್ದರು, ಅದರಿಂದ ಎಲ್ಲವೂ ಮೆತ್ತಗಾಗುತ್ತಿತ್ತು. ಈಗಿನ ವಿಧಾನ ಹಿಂದಿನ ಚಿತ್ರಗಳನ್ನು ನೆನಪಿಟ್ಟುಕೊಳ್ಳುತ್ತದೆ. ಪ್ರತಿ ಚಿತ್ರ ಬರೆಯುವಾಗ ಕ್ಯಾಮೆರಾವನ್ನು ಒಂದು ಪಿಕ್ಸೆಲ್‌ಗಿಂತಲೂ ಕಡಿಮೆ ಅಂತರ ಸರಿಸುತ್ತಾರೆ. ಆಗ ಒಂದು ಚಿತ್ರದಲ್ಲಿ ಎರಡು ಪಿಕ್ಸೆಲ್‌ಗಳ ನಡುವೆ ಬಿಟ್ಟುಹೋದ ಬಿಂದು ಇನ್ನೊಂದರಲ್ಲಿ ಸಿಗುತ್ತದೆ. ಹಲವು ಚಿತ್ರಗಳಿಂದ ಹೀಗೆ ಕೂಡಿಟ್ಟದ್ದನ್ನು ಸೇರಿಸಿದರೆ ಚಿಕ್ಕ ಚಿತ್ರಗಳಿಂದಲೇ ದೊಡ್ಡ ಚಿತ್ರದ ವಿವರ ಹೊರಡುತ್ತದೆ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ 2, ಎಎಂಡಿಯ ಎಫ್‌ಎಸ್‌ಆರ್ 2 ಇದೇ ದಾರಿಯವು. ಚಿತ್ರದಿಂದ ಚಿತ್ರಕ್ಕೆ ಅಳತೆ ಬದಲಾಗುವುದನ್ನೂ ಇವು ಸಹಿಸಿಕೊಳ್ಳಬಲ್ಲವು. ತೊಂದರೆ ಬರುವುದು ಹಿಂದಿನ ಚಿತ್ರದಲ್ಲಿ ಇಲ್ಲದೇ ಇದ್ದದ್ದು ಧುತ್ತೆಂದು ಕಾಣಿಸಿಕೊಂಡಾಗ. ಕಂಬದ ಮರೆಯಿಂದ ಹೊರಬಂದ ವ್ಯಕ್ತಿಯ ಅಂಚಿನಲ್ಲಿ ಒಂದು ಕ್ಷಣ ಕಾಳುಕಾಳಾಗಿ ಕಂಡರೆ, ಅಥವಾ ಹಾರುವ ಕಿಡಿಯ ಹಿಂದೆ ಮಸುಕಾದ ಬಾಲ ಉಳಿದರೆ, ಅದು ನೆನಪು ಸಾಲದೆ ಹೋದದ್ದರ ಗುರುತು.

ಮೆಟ್ಟಿಲು ಎಣಿಸಿ ಕಂಡುಹಿಡಿಯುವುದು

ಹೇಲೋ 5ರ ಅಳತೆ ಇಷ್ಟೇ ಎಂದು ಹೊರಗಿನವರು ಹೇಳಿದ್ದು ಹೇಗೆ? ಆಟವಂತೂ ಅದನ್ನು ಪರದೆಯ ಮೇಲೆ ಬರೆಯುವುದಿಲ್ಲ. ಇದಕ್ಕೊಂದು ಹಳೆಯ, ತಾಳ್ಮೆ ಬೇಡುವ ವಿಧಾನವಿದೆ. ಪಿಕ್ಸೆಲ್‌ಗಳಲ್ಲಿ ಬರೆದ ಓರೆ ಗೆರೆ ಯಾವಾಗಲೂ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಪರದೆಯ ಚಿತ್ರವನ್ನು ಹಾಗೆಯೇ ಹಿಡಿದಿಟ್ಟುಕೊಂಡು, ಬಹುತೇಕ ಅಡ್ಡವಾಗಿರುವ ಒಂದು ಅಂಚನ್ನು, ಮೇಜಿನ ತುದಿಯನ್ನೋ ಸೇತುವೆಯ ಕಂಬಿಯನ್ನೋ ಹುಡುಕಿ, ದೊಡ್ಡದು ಮಾಡಿ ನೋಡಬೇಕು. ಚಿತ್ರವನ್ನು ಪೂರ್ತಿ ಅಳತೆಯಲ್ಲೇ ಬರೆದಿದ್ದರೆ ಆ ಅಂಚು 100 ಪಿಕ್ಸೆಲ್ ಎತ್ತರ ಏರುವಷ್ಟರಲ್ಲಿ 100 ಮೆಟ್ಟಿಲು ಸಿಗುತ್ತವೆ. 75 ಮೆಟ್ಟಿಲು ಮಾತ್ರ ಸಿಕ್ಕರೆ ಎತ್ತರದಲ್ಲಿ ಶೇ. 75, ಅಂದರೆ 1080ರ ಬದಲು 810. ಬಹುತೇಕ ನೇರವಾಗಿ ನಿಂತ ಅಂಚೊಂದರಲ್ಲಿ ಇದೇ ರೀತಿ ಎಣಿಸಿ 60 ಸಿಕ್ಕರೆ ಅಗಲ 1920ರ ಬದಲು 1152.

ಹೇಲೋದಲ್ಲಿ ಅಗಲವನ್ನು ಎತ್ತರಕ್ಕಿಂತ ಹೆಚ್ಚು ಕುಗ್ಗಿಸಿದ್ದರು ಎಂಬುದೂ ಈ ಎರಡು ಸಂಖ್ಯೆಗಳಿಂದಲೇ ಗೊತ್ತಾಗುತ್ತದೆ. 2008ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂದ ‘ವೈಪೌಟ್ ಎಚ್‌ಡಿ’ ಎಂಬ ರೇಸ್ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎತ್ತರವನ್ನು ಮುಟ್ಟದೆ ಅಗಲವನ್ನಷ್ಟೇ ಬದಲಿಸುತ್ತಿತ್ತು. ಕನ್ಸೋಲ್ ಆಟಗಳಲ್ಲಿ ಈ ವಿದ್ಯೆಯನ್ನು ಎದ್ದು ಕಾಣುವಂತೆ ಬಳಸಿದ ಮೊದಲಿಗರಲ್ಲಿ ಅದೂ ಒಂದು. ಆಟಗಳಿಗಿಂತ ಮೊದಲು ಇದು ದುಬಾರಿ ಯಂತ್ರಗಳಲ್ಲಿತ್ತು: 1990ರ ದಶಕದಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯ ‘ಇನ್ಫಿನಿಟ್ ರಿಯಾಲಿಟಿ’ ಯಂತ್ರ ದೃಶ್ಯ ಭಾರವಾದಾಗ ಚಿತ್ರದ ಅಳತೆ ಇಳಿಸಿ, ಹೊರಗೆ ಕಳಿಸುವಾಗ ಹಿಗ್ಗಿಸುತ್ತಿತ್ತು. ವಿಮಾನ ಹಾರಿಸುವುದನ್ನು ಕಲಿಸುವ ಸಿಮ್ಯುಲೇಟರ್‌ನಲ್ಲಿ ರನ್‌ವೇ ತಡವರಿಸಿದರೆ ಕಲಿಕೆಯೇ ಕೆಡುತ್ತದೆ. ಅಂಥ ಕಡೆ ಇದರ ಅಗತ್ಯ ಮೊದಲೇ ಅರಿವಾಗಿತ್ತು.

ಇದರಿಂದ ಆಗದ್ದು

ಚಿತ್ರ ಬರೆಯುವುದು ಜಿಪಿಯು ಕೆಲಸ. ಶತ್ರುಗಳು ಎಲ್ಲಿಗೆ ಓಡಬೇಕು, ಒಡೆದ ಗೋಡೆಯ ಚೂರುಗಳು ಹೇಗೆ ಉರುಳಬೇಕು, ಜಿಪಿಯುಗೆ ಯಾವ ಕೆಲಸ ಒಪ್ಪಿಸಬೇಕು ಎಂಬುದೆಲ್ಲ ಬಹುಪಾಲು ಸಿಪಿಯು ಕೆಲಸ. 200 ಶತ್ರುಗಳ ಲೆಕ್ಕ ಮಾಡುವುದಕ್ಕೇ ಸಿಪಿಯು 22 ಮಿಲಿಸೆಕೆಂಡ್ ತೆಗೆದುಕೊಂಡರೆ ಚಿತ್ರವನ್ನು ಎಷ್ಟೇ ಕುಗ್ಗಿಸಿದರೂ ಗಡುವು ತಪ್ಪುತ್ತದೆ. ಹೇಲೋ 5 ಇದಕ್ಕೆ ಬೇರೆ ಉಪಾಯ ಹೂಡಿತ್ತು: ದೂರದಲ್ಲಿರುವ ಶತ್ರುಗಳ ಕೈಕಾಲಿನ ಚಲನೆಯನ್ನು ಪ್ರತಿ ಚಿತ್ರದಲ್ಲೂ ಲೆಕ್ಕ ಹಾಕದೆ ಕಡಿಮೆ ವೇಗದಲ್ಲಿ ಹಾಕುತ್ತಿತ್ತು. ನುಣುಪಾಗಿ ಸಾಗುವ ಬಯಲಿನ ಆಚೆ ತುದಿಯಲ್ಲಿ ಶತ್ರುಗಳು ಮಾತ್ರ ಕುಲುಕಿ ಕುಲುಕಿ ನಡೆಯುವುದನ್ನು ಆಡಿದವರು ಕಂಡಿದ್ದಾರೆ. ಎರಡು ಕಾಯಿಲೆಗೆ ಎರಡು ಮದ್ದು.

ಮದ್ದು ಬೇರೆ ಬೇರೆ ಎಂಬುದನ್ನು ಮರೆತರೆ ನಷ್ಟ ಎರಡು ಪಟ್ಟು. ಜಿಪಿಯು ತೆಗೆದುಕೊಂಡ ಸಮಯವನ್ನು ಅಳೆಯುವ ಬದಲು ಒಂದು ಚಿತ್ರದಿಂದ ಇನ್ನೊಂದಕ್ಕೆ ಆದ ಒಟ್ಟು ಸಮಯವನ್ನು ಅಳೆದರೆ, ಸಿಪಿಯು ತಡ ಮಾಡಿದಾಗಲೂ ಆಟ ರೆಸಲ್ಯೂಶನ್ ಇಳಿಸುತ್ತದೆ. ಇಳಿಸಿದರೂ ವೇಗ ಏರದು, ಮತ್ತೆ ಇಳಿಸುತ್ತದೆ, ಬೇಲಿಯ ತಳ ಮುಟ್ಟುತ್ತದೆ. ಕೊನೆಗೆ ಆಟ ಮಸುಕೂ ಹೌದು, ನಿಧಾನವೂ ಹೌದು. ಡಿಸ್ಕ್‌ನಿಂದ ಹೊಸ ಪ್ರದೇಶ ತಂದುಕೊಳ್ಳುವಾಗ ಆಗುವ ಎಡವು, ಹೊಸ ಪರಿಣಾಮವೊಂದು ಮೊದಲ ಸಲ ಬಂದಾಗ ಅದರ ಶೇಡರ್ ಸಿದ್ಧಪಡಿಸಲು ಆಗುವ ನಿಲುಗಡೆ, ಇವಕ್ಕೂ ಪಿಕ್ಸೆಲ್‌ಗೂ ಸಂಬಂಧವಿಲ್ಲ.

ಬೇಲಿಯ ತಳ ಎಲ್ಲಿರಬೇಕು ಎಂಬುದು ಪರದೆಯನ್ನು ಅವಲಂಬಿಸಿದೆ. 4ಕೆ ಟಿವಿಯಲ್ಲಿ ಅಗಲ ಎತ್ತರ ಎರಡನ್ನೂ ಅರ್ಧ ಮಾಡಿದರೂ 1920 ಅಗಲ, 1080 ಎತ್ತರ ಉಳಿಯುತ್ತದೆ, ಅದರಿಂದ ಚೆನ್ನಾದ ಚಿತ್ರ ಹಿಗ್ಗಿಸಬಹುದು. 1080ಪಿ ಪರದೆಯಲ್ಲಿ ಅದೇ ಅರ್ಧ ಎಂದರೆ 960 ಅಗಲ, 540 ಎತ್ತರ. ದೂರದ ಶತ್ರು ನಾಲ್ಕೈದು ಚುಕ್ಕೆಗಳ ಮುದ್ದೆಯಾಗುತ್ತಾನೆ. ನಿಂಟೆಂಡೊ ಸ್ವಿಚ್‌ನ ‘ಝೆನೋಬ್ಲೇಡ್ ಕ್ರಾನಿಕಲ್ಸ್ 2’ ಆಟವನ್ನು ಕೈಯಲ್ಲಿ ಹಿಡಿದು ಆಡುವಾಗ 720 ಎತ್ತರದ ಪರದೆಗೆ ಬರೆಯುವ ಚಿತ್ರ ಕೆಲವೊಮ್ಮೆ 368ರವರೆಗೂ ಇಳಿಯುತ್ತಿತ್ತು. ಅಷ್ಟು ಇಳಿದರೆ ಯಾರಿಗೂ ಗೊತ್ತಾಗದೆ ಇರುವುದಿಲ್ಲ.

ಮೊಬೈಲ್‌ನಲ್ಲಿ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ, ಬಿಸಿ. ಹೆಚ್ಚಿನ ಫೋನ್‌ಗಳಿಗೆ ಫ್ಯಾನ್ ಇಲ್ಲ. ಆಟ ಶುರುವಾದಾಗ 13 ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿದ್ದ ದೃಶ್ಯ, ಫೋನ್ ಕಾದು ಜಿಪಿಯು ತನ್ನ ವೇಗ ತಗ್ಗಿಸಿಕೊಂಡ ಮೇಲೆ 18 ಮಿಲಿಸೆಕೆಂಡ್ ಬೇಡಬಹುದು. ದೃಶ್ಯ ಭಾರವಾಗಿಲ್ಲ, ಯಂತ್ರ ಸೋತಿದೆ. ಅಳತೆ ನೋಡಿ ತಿದ್ದುವ ವಿಧಾನಕ್ಕೆ ಈ ವ್ಯತ್ಯಾಸ ತಿಳಿಯಬೇಕಾಗಿಯೇ ಇಲ್ಲ, ಹೊತ್ತು ಹೆಚ್ಚಾಯಿತು ಎಂಬುದಷ್ಟೇ ಸಾಕು. ಇಲ್ಲಿ ಏರಿಕೆ ನಿಧಾನವಾಗಿ ಬರುವುದರಿಂದ ಸುದ್ದಿ ತಡವಾದರೂ ಬಾಧಕವಿಲ್ಲ. ಪಿಕ್ಸೆಲ್ ಕಡಿಮೆಯಾದಷ್ಟೂ ಜಿಪಿಯುಗೆ ಬಿಡುವು ಸಿಗುವುದರಿಂದ ಬಿಸಿ ಏರುವುದೂ ತಗ್ಗುತ್ತದೆ.

ನಿಮ್ಮ ಕಂಪ್ಯೂಟರ್ ಆಟದ ಸೆಟ್ಟಿಂಗ್ಸ್‌ನಲ್ಲಿ ಈ ಆಯ್ಕೆ ಇದ್ದರೆ ಅದನ್ನು ಒತ್ತುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಬಹುದು. ಆಟ ಯಾವ ಜಾಗದಲ್ಲಿ ತಡವರಿಸುತ್ತದೋ ಅಲ್ಲಿಗೆ ಹೋಗಿ, ರೆಸಲ್ಯೂಶನ್ ಅನ್ನು ಕೈಯಾರೆ ತೀರಾ ಕೆಳಕ್ಕೆ ಇಳಿಸಿ, ಫ್ರೇಮ್ ಸಂಖ್ಯೆ ನೋಡಿ. ಸಂಖ್ಯೆ ಜಿಗಿದರೆ ಹೊರೆ ಪಿಕ್ಸೆಲ್‌ಗಳದ್ದು. ಆಯ್ಕೆಯನ್ನು ಒತ್ತಿ, ಗುರಿಯ ವೇಗ ಬರೆದು, ಕನಿಷ್ಠ ಮಿತಿ ಕೊಡಲು ಬಿಟ್ಟಿದ್ದರೆ 1080ಪಿ ಪರದೆಗೆ ಶೇ. 70ರ ಸುತ್ತ ಇಡಿ, ನಿಮ್ಮ ಕಣ್ಣಿಗೆ ಒಪ್ಪುವಂತೆ ಹೆಚ್ಚುಕಡಿಮೆ ಮಾಡಿಕೊಳ್ಳಿ. ಸಂಖ್ಯೆ ಕದಲದಿದ್ದರೆ ಹೊರೆ ಸಿಪಿಯುನದ್ದು. ಆಗ ರೆಸಲ್ಯೂಶನ್ ಅನ್ನು ಇದ್ದಲ್ಲೇ ಬಿಟ್ಟು ಜನಸಂದಣಿ, ನೋಟದ ದೂರ ಇಂಥವನ್ನು ಕಡಿಮೆ ಮಾಡಬೇಕು. ಇಲ್ಲವಾದರೆ ಚಿತ್ರವನ್ನು ಕಳೆದುಕೊಂಡು ಪ್ರತಿಯಾಗಿ ಏನನ್ನೂ ಪಡೆದಂತಾಗುವುದಿಲ್ಲ.